ರಾಗ್ನರಾಕ್‌ಗೂ ಪ್ರಳಯಕ್ಕೂ 4,32,000ದ ನಂಟು ಇದೆಯಾ?

ಪ್ರಶ್ನೆ: "ರಾಗ್ನರಾಕ್ ಅಂದ್ರೆ ನಮ್ಮ ಪ್ರಳಯದ ಥರಾನೇ ಅಲ್ವಾ? ಲೋಕ ನಾಶ ಆಗಿ ಮತ್ತೆ ಹುಟ್ಟುತ್ತೆ. ವಾಲ್ಹಲ್ಲಾದಲ್ಲಿ 4,32,000 ಯೋಧರು, ಕಲಿಯುಗಕ್ಕೂ 4,32,000 ವರ್ಷ ಅಂತ ಓದಿದೆ. ಎರಡೂ ಒಂದೇ ಮೂಲದ ಕಥೆನಾ?"

ಮೊದಲು ಆ ಸಂಖ್ಯೆಯ ವಿಷಯ ಮುಗಿಸಿಬಿಡೋಣ. ಒಂದು ಕಾಲದಲ್ಲಿ ನಾನೂ ಅದನ್ನು ನಂಬಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವನೇ.

4,32,000 ಅನ್ನುವ ಸಂಖ್ಯೆ ಉತ್ತರ ಯುರೋಪಿನ ಹಳೆಯ ನಾರ್ಸ್ ಪದ್ಯದಲ್ಲಿ ಇಲ್ಲವೇ ಇಲ್ಲ. ಗ್ರಿಮ್ನಿಸ್ಮಾಲ್ ಎಂಬ ಪದ್ಯದಲ್ಲಿ ದೇವರುಗಳ ಹಿರಿಯ ಓಡಿನ್ ಹೇಳುವುದು ಇಷ್ಟೇ: ಯುದ್ಧದಲ್ಲಿ ಸತ್ತ ಯೋಧರನ್ನು ತಾನು ಕೂಡಿಸುವ ಅರಮನೆ ವಾಲ್ಹಲ್ಲಾಕ್ಕೆ ಐದು ನೂರು ಮತ್ತು ನಲವತ್ತು ಬಾಗಿಲು, ತೋಳದ ವಿರುದ್ಧ ಯುದ್ಧಕ್ಕೆ ಹೊರಡುವಾಗ ಒಂದೊಂದು ಬಾಗಿಲಿಂದ ಎಂಟು ನೂರು ಯೋಧರು ಬರುತ್ತಾರೆ. 540 × 800 ಅಂತ ಗುಣಿಸಿದ್ದು ನಾವು. ಆದರೆ ಆ ಕಾಲದ ಐಸ್‌ಲ್ಯಾಂಡಿನವರು 'ನೂರು' ಅಂದರೆ ಹೆಚ್ಚಾಗಿ 120 ಅಂತ ಎಣಿಸುತ್ತಿದ್ದರು. ಹಾಗೆ ಲೆಕ್ಕ ಹಾಕಿದರೆ ಬಾಗಿಲು 640, ಒಂದು ಬಾಗಿಲಿಗೆ 960 ಜನ, ಒಟ್ಟು 6,14,400. ಕಲಿಯುಗ ಅಲ್ಲಿಗೆ ಕೈಬಿಟ್ಟು ಹೋಯಿತು. ಪದ್ಯ ಹೇಳಿದವನಿಗೆ ಈ ಗುಣಾಕಾರ ಬೇಕಾಗಿಯೂ ಇರಲಿಲ್ಲ, 'ಎಣಿಸಲಾಗದಷ್ಟು ಜನ' ಅನ್ನಿಸಿದರೆ ಸಾಕಿತ್ತು ಅಂತ ನನಗನ್ನಿಸುತ್ತದೆ.

ಈಗ ಮುಖ್ಯ ವಿಷಯ. ನಾಶ ಆಗಿ ಮತ್ತೆ ಹುಟ್ಟುವುದಕ್ಕೂ, ಅದು ಮತ್ತೆ ಮತ್ತೆ ಆಗುವುದಕ್ಕೂ ವ್ಯತ್ಯಾಸ ಇದೆ. ನಮ್ಮದು ಎರಡನೆಯದು. ಮನೆಯಲ್ಲಿ ಪೂಜೆಗೆ ಕೂತಾಗ ಪುರೋಹಿತರು ಸಂಕಲ್ಪ ಹೇಳುವುದನ್ನು ಕೇಳಿರುತ್ತೀರಿ: "ದ್ವಿತೀಯ ಪರಾರ್ಧೇ, ಶ್ವೇತವರಾಹಕಲ್ಪೇ, ವೈವಸ್ವತ ಮನ್ವಂತರೇ, ಕಲಿಯುಗೇ, ಪ್ರಥಮಪಾದೇ..." ಅದು ಕಾಲದ ವಿಳಾಸ. ಬ್ರಹ್ಮನ ಆಯಸ್ಸಿನ ಎರಡನೇ ಅರ್ಧದಲ್ಲಿ, ಇಂಥ ಕಲ್ಪದ ಇಂಥ ಮನ್ವಂತರದಲ್ಲಿ ನಾವು ಕೂತಿದ್ದೇವೆ ಅಂತ. ಸಾವಿರ ಚತುರ್ಯುಗ ಸೇರಿದರೆ ಬ್ರಹ್ಮನಿಗೆ ಒಂದು ಹಗಲು, ಅಂದರೆ 432 ಕೋಟಿ ವರ್ಷ. ಆಮೇಲೆ ಅಷ್ಟೇ ಉದ್ದದ ರಾತ್ರಿ, ಅದೇ ಪ್ರಳಯ. ಬೆಳಗಾದರೆ ಮತ್ತೆ ಸೃಷ್ಟಿ. ಇಲ್ಲಿ ನಾಶಕ್ಕೆ ಯಾರ ತಪ್ಪೂ ಬೇಕಿಲ್ಲ, ಹೊತ್ತು ಮುಳುಗಬೇಕು ಅಷ್ಟೇ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಹೇಳುವ ಪ್ರಳಯ ನೋಡಿ. ಏಳು ಸೂರ್ಯರು ನೀರನ್ನೆಲ್ಲ ಹೀರುತ್ತಾರೆ, ಬೆಂಕಿ ಬರುತ್ತದೆ, ಆಮೇಲೆ ಹನ್ನೆರಡು ವರ್ಷ ಮಳೆ. ದೇವತೆಗಳೂ ಇಲ್ಲವಾಗುತ್ತಾರೆ, ಆದರೆ ಯಾರ ಕೈಯಲ್ಲೂ ಸೋತು ಅಲ್ಲ. ನೀರಿನ ಮೇಲೆ ಒಬ್ಬನೇ ಅಲೆಯುವ ಮುದುಕನಿಗೆ ಆಲದ ಕೊಂಬೆಯ ಮೇಲೊಂದು ಮಗು ಕಾಣುತ್ತದೆ. ಅದರ ಬಾಯೊಳಗೆ ಹೋದರೆ ಇಡೀ ಲೋಕ ಹಾಗೇ ಇದೆ!

ರಾಗ್ನರಾಕ್‌ನಲ್ಲಿ ಇಂಥ ನೆಮ್ಮದಿ ಇಲ್ಲ. ಅಲ್ಲಿ ವರ್ಷದ ಲೆಕ್ಕ ಎಲ್ಲೂ ಸಿಗುವುದಿಲ್ಲ, ಸಿಗುವುದು ಹಳೆಯ ಸಾಲಗಳು. ಫೆನ್ರಿರ್ ಎಂಬ ತೋಳವನ್ನು ದೇವರುಗಳು ಮೋಸ ಮಾಡಿ ಕಟ್ಟಿಹಾಕಿದ್ದರು, ಅದು ಬಿಡಿಸಿಕೊಂಡು ಬಂದು ಓಡಿನ್‌ನನ್ನೇ ನುಂಗುತ್ತದೆ. ಫ್ರೇಯ್ ಎಂಬ ದೇವರು ತಾನು ಇಷ್ಟಪಟ್ಟ ಗೆರ್ಡ್‌ಳನ್ನು ಒಲಿಸಿಕೊಂಡು ಬರಲಿ ಅಂತ ತನ್ನ ಕತ್ತಿಯನ್ನು ಸೇವಕನಿಗೆ ಕೊಟ್ಟುಬಿಟ್ಟಿದ್ದ, ಕೊನೆಯ ದಿನ ಆ ಕತ್ತಿಯಿಲ್ಲದೆ ನಿಂತು ಬೆಂಕಿಯ ದೈತ್ಯ ಸುರ್ಟ್ರ್‌ನಿಂದ ಸಾಯುತ್ತಾನೆ. ಥೋರ್ ಸಮುದ್ರದ ಹಾವನ್ನು ಕೊಲ್ಲುತ್ತಾನೆ, ಒಂಬತ್ತು ಹೆಜ್ಜೆ ಹಿಂದೆ ಸರಿದು ಅದರ ವಿಷಕ್ಕೆ ಬೀಳುತ್ತಾನೆ. ಓಡಿನ್‌ಗೆ ಇದೆಲ್ಲ ಮೊದಲೇ ಗೊತ್ತು. ಗೊತ್ತಿದ್ದೇ ಯೋಧರನ್ನು ಕೂಡಿಸುತ್ತಾನೆ.

ನನಗೆ ಬಹಳ ಹಿಡಿಸುವುದು ಇದರಲ್ಲಿರುವ ಎರಡು ಸಣ್ಣ ವಿಷಯ. ಇವನ್ನು ಹೇಳುವವನು ಸ್ನೋರಿ ಸ್ಟುರ್ಲುಸನ್, ಸುಮಾರು 1220ರಲ್ಲಿ ಐಸ್‌ಲ್ಯಾಂಡಿನಲ್ಲಿ ಬರೆದವನು. ಶತ್ರುಗಳು ಬರುವ ನಾಗ್ಲ್‌ಫಾರ್ ಹಡಗು ಕಟ್ಟಿರುವುದು ಸತ್ತವರ ಉಗುರಿನಿಂದ, ಆದ್ದರಿಂದ ಯಾರೂ ಉಗುರು ಕತ್ತರಿಸದೆ ಸಾಯಬಾರದು, ಸತ್ತರೆ ಆ ಹಡಗಿಗೆ ಸಾಮಾನು ಜಾಸ್ತಿ ಆಗುತ್ತದೆ ಅನ್ನುತ್ತಾನೆ. ಇನ್ನೊಂದು, ಓಡಿನ್‌ನ ಮಗ ವೀದಾರ್ ತೋಳದ ದವಡೆ ತುಳಿದು ಸೀಳುವಾಗ ಹಾಕಿಕೊಳ್ಳುವ ದಪ್ಪ ಶೂ. ಅದನ್ನು ಜನ ತಮ್ಮ ಚರ್ಮದ ಜೋಡಿನ ತುದಿ ಮತ್ತು ಹಿಮ್ಮಡಿಯಿಂದ ಕತ್ತರಿಸಿ ಬಿಸಾಡಿದ ಚೂರುಗಳಿಂದ ಮಾಡಿರುತ್ತಾರೆ, ದೇವರಿಗೆ ಸಹಾಯ ಆಗಲಿ ಅಂದುಕೊಳ್ಳುವವರು ಆ ಚೂರು ಇಟ್ಟುಕೊಳ್ಳದೆ ಎಸೆಯಬೇಕು. ಅಂದರೆ ಹಳ್ಳಿಯ ಸಾಮಾನ್ಯ ಮನುಷ್ಯನಿಗೂ ಆ ಯುದ್ಧದಲ್ಲಿ ಒಂದು ಪಾಲಿದೆ, ಹಡಗನ್ನು ಸ್ವಲ್ಪ ತಡ ಮಾಡಿಸಬಹುದು. ಕಲಿಯುಗವನ್ನು ಉಗುರು ಕತ್ತರಿಸಿ ಒಂದು ದಿನ ಮುಂದಕ್ಕೆ ಹಾಕುವುದಕ್ಕೆ ಆಗುತ್ತಾ?

ಈ ವಿಷಯದಲ್ಲಿ ರಾಗ್ನರಾಕ್‌ಗೆ ಹತ್ತಿರ ಇರುವವರು ಮೆಕ್ಸಿಕೋದ ಆಜ್ಟೆಕ್‌ಗಳು. ಅವರದ್ದು ಚಕ್ರವೂ ಹೌದು, ಮನುಷ್ಯರ ಕೈವಾಡ ಇರುವ ಚಕ್ರವೂ ಹೌದು. ನಾಲ್ಕು ಸೂರ್ಯರು ಆಗಲೇ ಮುಗಿದುಹೋಗಿದ್ದಾರೆ (ಜಾಗ್ವಾರ್, ಗಾಳಿ, ಬೆಂಕಿಮಳೆ, ಪ್ರವಾಹ), ನಾವಿರುವುದು ಐದನೆಯದು, ಇದು ಭೂಕಂಪದಲ್ಲಿ ಮುಗಿಯುತ್ತದೆ. 52 ವರ್ಷಕ್ಕೊಮ್ಮೆ ಊರಿನ ಬೆಂಕಿಯನ್ನೆಲ್ಲ ಆರಿಸಿ, ಒಂದು ಬೆಟ್ಟದ ಮೇಲೆ ಬಲಿಯಾದವನ ಎದೆಯ ಮೇಲೆ ಹೊಸ ಬೆಂಕಿ ಕಡೆಯುತ್ತಿದ್ದರು. ಹತ್ತದಿದ್ದರೆ ಕಥೆ ಮುಗೀತು. ಕೊನೆಯ ಸಲ ನಡೆದದ್ದು 1507ರಲ್ಲಿ.

ಒಂದೇ ಮೂಲವಾ ಅಂತ ಕೇಳಿದಿರಿ. ನಾನು ಹುಡುಕುವುದಾದರೆ ಸಂಖ್ಯೆ ಬಿಟ್ಟು ಇರಾನಿನ ಕಡೆ ನೋಡುತ್ತೇನೆ. ರಾಗ್ನರಾಕ್‌ಗೆ ಮುಂಚೆ ಮಧ್ಯೆ ಬೇಸಿಗೆಯೇ ಇಲ್ಲದ ಮೂರು ಚಳಿಗಾಲ ಬರುತ್ತದೆ. ಲೀಫ್ ಮತ್ತು ಲೀಫ್‌ಥ್ರಾಸಿರ್ ಎಂಬ ಗಂಡು ಹೆಣ್ಣು ಒಂದು ಕಾಡಿನಲ್ಲಿ ಅಡಗಿ, ಬೆಳಗಿನ ಇಬ್ಬನಿ ಕುಡಿದು ಉಳಿಯುತ್ತಾರೆ. ಇರಾನಿನ ಹಳೆಯ ಧರ್ಮಗ್ರಂಥ ಅವೆಸ್ತಾದಲ್ಲಿ ಯಿಮ, ಅಂದರೆ ನಮ್ಮ ಯಮನಿಗೆ ಸಮನಾದವನು, ಭಯಂಕರ ಚಳಿಗಾಲ ಬರುತ್ತದೆ ಅಂತ ದೇವರು ಎಚ್ಚರಿಸಿದಾಗ ಒಂದು ಆವರಣ ಕಟ್ಟಿ, ಒಳ್ಳೆಯ ಜನರನ್ನೂ ದನಕರುಗಳನ್ನೂ ಬೀಜಗಳನ್ನೂ ಅದರೊಳಗೆ ಇಡುತ್ತಾನೆ. ಈ ಹೋಲಿಕೆಯಲ್ಲಿ ಕಥೆಯ ಎಲುಬೇ ಸೇರುತ್ತದೆ. ಆದರೂ ಇದರಿಂದ ಒಂದೇ ಮೂಲ ಅಂತ ಸಾಬೀತಾಗುವುದಿಲ್ಲ, ಚಳಿಯ ದೇಶದವರಿಗೆ ಚಳಿಯೇ ಕೊನೆ ಅನ್ನಿಸುವುದು ಸಹಜ.

ಹಾಗಾದರೆ ರಾಗ್ನರಾಕ್ ಮತ್ತೆ ಬರುತ್ತಾ? ಕಣಿ ಹೇಳುವವಳೊಬ್ಬಳ ಬಾಯಲ್ಲಿ ಬರುವ ವೋಲುಸ್ಪಾ ಎಂಬ ಪದ್ಯದ ಕೊನೆಯಲ್ಲಿ ಭೂಮಿ ಮತ್ತೆ ಹಸಿರಾಗಿ ಸಮುದ್ರದಿಂದ ಏಳುತ್ತದೆ, ಬಿತ್ತದ ಹೊಲ ಬೆಳೆಯುತ್ತದೆ, ಸತ್ತುಹೋಗಿದ್ದ ಓಡಿನ್‌ನ ಮಗ ಬಾಲ್ಡರ್ ವಾಪಸು ಬರುತ್ತಾನೆ. ಉಳಿದ ದೇವರುಗಳಿಗೆ ಹುಲ್ಲಿನಲ್ಲಿ ಚಿನ್ನದ ಆಟದ ಕಾಯಿಗಳು ಸಿಗುತ್ತವೆ. ಪದ್ಯದ ಶುರುವಿನಲ್ಲಿ, ಎಲ್ಲ ಕೆಡುವ ಮುಂಚೆ, ದೇವರುಗಳು ಅಂಗಳದಲ್ಲಿ ಹಲಗೆ ಆಟ ಆಡುತ್ತಿದ್ದರು. ಮತ್ತೆ ಅದೇ ಆಟ ಅಂತ ಓದಿಕೊಳ್ಳಬಹುದು. ಚಕ್ರ ಅನ್ನುವವರಿಗೆ ಇದೊಂದು ಒಳ್ಳೆಯ ಆಧಾರ. ಇದೆಲ್ಲ ಕ್ರೈಸ್ತ ಸ್ವರ್ಗದ ನೆರಳು ಅನ್ನುವವರೂ ಇದ್ದಾರೆ, ಐಸ್‌ಲ್ಯಾಂಡ್ ಸುಮಾರು 1000ರಲ್ಲೇ ಕ್ರೈಸ್ತವಾಗಿತ್ತು, ಪದ್ಯ ಬರಹಕ್ಕೆ ಇಳಿದದ್ದು ಅದಾದ ಇನ್ನೂರು ವರ್ಷಕ್ಕೂ ಮೇಲೆ.

ಆದರೆ ಅಷ್ಟಕ್ಕೆ ಪದ್ಯ ಮುಗಿಯುವುದಿಲ್ಲ. ಇಷ್ಟು ಚೆಂದದ ಹೊಸ ಲೋಕ ತೋರಿಸಿದ ಮೇಲೆ ಕೊನೆಯ ಚರಣದಲ್ಲಿ ನೀಡ್‌ಹೊಗ್ ಎಂಬ ಕಪ್ಪು ಡ್ರ್ಯಾಗನ್ ರೆಕ್ಕೆಯಲ್ಲಿ ಹೆಣಗಳನ್ನು ಹೊತ್ತು ಬಯಲಿನ ಮೇಲೆ ಹಾರಿ ಬರುತ್ತದೆ. ಹೊಸ ಲೋಕಕ್ಕೂ ಕೇಡು ಕಾಲಿಟ್ಟಿತು ಅಂತ ಕೆಲವರು ಓದುತ್ತಾರೆ. ಇಲ್ಲ, ಕಣಿ ಹೇಳುವವಳು ಈಗಿನ ಲೋಕಕ್ಕೆ ವಾಪಸು ಬಂದಳು, ಅವಳ ಕಣ್ಣಿಗೆ ಬಿದ್ದದ್ದು ಇನ್ನೂ ಬರಬೇಕಾದ ಯುದ್ಧದ ಗುರುತು ಅಂತ ಇನ್ನು ಕೆಲವರು. ನಾನು ಈ ಎರಡನೆಯವರ ಕಡೆ. ಯಾಕೆಂದರೆ ಅದಾದ ಮೇಲೆ ಇರುವುದು ಒಂದೇ ಸಾಲು: ಇನ್ನು ಅವಳು ಮುಳುಗುತ್ತಾಳೆ.