ಮಾಂಜಾ ದಾರಕ್ಕೆ ಸಿಕ್ಕಿದ ಹದ್ದು

ಪ್ರಶ್ನೆ: ಧಾರವಾಡದ ನಮ್ಮ ಮನೆಯ ಮಾಳಿಗೆಯಲ್ಲಿ ರೆಕ್ಕೆಗೆ ಗಾಳಿಪಟದ ದಾರ ಸುತ್ತಿಕೊಂಡ ಹದ್ದು ಬಿದ್ದಿದೆ. ನೀರು ಕುಡಿಸಲೇ?

ಕುಡಿಸಬೇಡಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ. ಸುರಿದ ನೀರು ನೇರವಾಗಿ ಅದರೊಳಗೆ ಇಳಿಯಬಹುದು. ಊಟವೂ ಬೇಡ.

ದಪ್ಪ ಟವೆಲ್ಲನ್ನು ತಲೆಯ ಮೇಲಿಂದ ಹಾಕಿ, ರೆಕ್ಕೆಗಳನ್ನು ಮೈಗೆ ಸೇರಿಸಿ ಹಗುರವಾಗಿ ಹಿಡಿಯಿರಿ. ಕೊಕ್ಕಿಗಿಂತ ಉಗುರಿಗೆ ಹೆದರಬೇಕು. ದಾರವನ್ನು ಎಳೆಯಬೇಡಿ, ಮಾಂಸದಲ್ಲಿ ಹೂತಿದ್ದನ್ನು ಹಾಗೆಯೇ ಬಿಟ್ಟು, ಜೋತಾಡುವ ತುದಿಗಳನ್ನಷ್ಟೇ ಕತ್ತರಿಸಿ. ರಕ್ತ ಸೋರುತ್ತಿದ್ದರೆ ಶುಭ್ರ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ಅರಿಸಿನ, ಎಣ್ಣೆ ಮೆತ್ತಿದರೆ ಗರಿ ಕೆಡುತ್ತದೆ.

ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ ಕೂರಿಸಿ, ಸದ್ದಿಲ್ಲದ ಕೋಣೆಯಲ್ಲಿಡಿ. ಮತ್ತೆ ಮತ್ತೆ ಇಣುಕುವುದು ನಮ್ಮವರ ದೊಡ್ಡ ರೋಗ. ಹಕ್ಕಿಗೆ ಗಾಯಕ್ಕಿಂತ ಅದೇ ಭಾರ. ಅರಣ್ಯ ಇಲಾಖೆಗೆ ಇಂದೇ ಫೋನ್ ಮಾಡಿ. ರಕ್ತ ನಿಲ್ಲದಿದ್ದರೆ ಅಥವಾ ಕತ್ತಲಲ್ಲಿಯೂ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ನಾಳೆಗೆಂದು ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ.