ಕಣ್ಣೆದುರು ಮಿನುಗುವ ಗೆರೆ ಮತ್ತು ಹಾರ್ಮೋನ್ ಮಾತ್ರೆ

ಪ್ರಶ್ನೆ: ನನಗೆ 29 ವರ್ಷ, ಡೊಂಬಿವಲಿಯಲ್ಲಿದ್ದೇನೆ. ಪಿಸಿಒಡಿ ಎಂದು ನಾಲ್ಕು ತಿಂಗಳಿಂದ ಹಾರ್ಮೋನ್ ಮಾತ್ರೆ ನಡೆಯುತ್ತಿದೆ. ತಿಂಗಳಿಗೆ ಒಂದೆರಡು ಸಲ ಕಣ್ಣೆದುರು ಅಂಕುಡೊಂಕು ಗೆರೆ ಮಿನುಗುತ್ತಾ ದೊಡ್ಡದಾಗುತ್ತದೆ, ಇಪ್ಪತ್ತು ನಿಮಿಷಕ್ಕೆ ಹೋಗುತ್ತದೆ. ಆಮೇಲೆ ಒಂದೇ ಬದಿ ತಲೆನೋವು. ಅತ್ತೆ ಪಿತ್ತ ಅನ್ನುತ್ತಾರೆ. ಈ ಸ್ಟ್ರಿಪ್ ಮುಗಿಸಿ ನಿಲ್ಲಿಸಲೇ?

ಉತ್ತರ: ಮುಗಿಸಬೇಡಿ, ಇವತ್ತೇ ನಿಲ್ಲಿಸಿ. ಇದು ಪಿತ್ತವಲ್ಲ, ಆರಾ ಇರುವ ಮೈಗ್ರೇನ್. ತಲೆನೋವಿಗೆ ಮೊದಲು ಕಣ್ಣೆದುರು ಮಿನುಗುವ ಆ ಗೆರೆಯೇ ಆರಾ. ಪಿತ್ತವೆಂದು ಕೋಕಂ ಕುಡಿದು, ಇತ್ತ ಮಾತ್ರೆಯನ್ನೂ ನುಂಗುತ್ತಿರುವವರ ಪತ್ರಗಳು ಪ್ರತಿ ತಿಂಗಳೂ ಬರುತ್ತವೆ. ನನಗೆ ಸಿಟ್ಟು ಬರುವುದು ಅತ್ತೆಯ ಮೇಲಲ್ಲ. ಚೀಟಿ ಬರೆಯುವ ಮುನ್ನ ಕಣ್ಣಿನ ವಿಷಯ ಕೇಳದವರ ಮೇಲೆ.

ಪಿಸಿಒಡಿಗೆ, ಮೊಡವೆಗೆ ಕೊಡುವ ಈ ಮಾತ್ರೆಗಳಲ್ಲಿ ಬಹುಪಾಲು ಗರ್ಭನಿರೋಧಕ ಮಾತ್ರೆಗಳೇ. ಸ್ಟ್ರಿಪ್ ತಿರುಗಿಸಿ ನೋಡಿ: ‘ಎಥಿನೈಲ್ ಎಸ್ಟ್ರಾಡಿಯೋಲ್’ ಎಂದಿದ್ದರೆ ಅದರಲ್ಲಿ ಈಸ್ಟ್ರೋಜೆನ್ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್‌ನಲ್ಲೂ ಅದು 0.03 ಮಿಲಿಗ್ರಾಂ ಇದೆ. ಈಸ್ಟ್ರೋಜೆನ್ ಯಕೃತ್ತಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಆರಾ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಮೊದಲೇ ತುಸು ಹೆಚ್ಚು. ಎರಡೂ ಸೇರಿದಾಗ ಏನಾಗುತ್ತದೆ ನೋಡಿ. 20ರಿಂದ 44 ವರ್ಷದ ಒಂದು ಲಕ್ಷ ಹೆಂಗಸರಲ್ಲಿ, ಮೈಗ್ರೇನೂ ಮಾತ್ರೆಯೂ ಇಲ್ಲದಿದ್ದರೆ, ರಕ್ತನಾಳ ಮುಚ್ಚಿ ಪಾರ್ಶ್ವವಾಯು ಬರುವುದು ವರ್ಷಕ್ಕೆ ಎರಡು-ಮೂರು ಮಂದಿಗೆ. ಬರೀ ಮಾತ್ರೆ ಇದ್ದರೆ ಸುಮಾರು ಆರು, ಬರೀ ಆರಾ ಇದ್ದರೂ ಸುಮಾರು ಆರು. ಎರಡೂ ಇದ್ದರೆ ಸುಮಾರು 37. ನಿಮಗೆ ನಾಳೆಯೇ ಏನೋ ಆಗುತ್ತದೆ ಎಂದಲ್ಲ. ಆದರೆ ಬೇರೆ ದಾರಿಗಳಿರುವಾಗ ಈ ಅಪಾಯ ಹೊರುವುದಕ್ಕೆ ಕಾರಣವೇ ಇಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಆರಾ ಇರುವವರಿಗೆ ಯಾವ ವಯಸ್ಸಿನಲ್ಲೂ ಈ ಮಾತ್ರೆ ಕೂಡದು ಎಂದಿದೆ.

ತಲೆನೋವಿನ ಹೊತ್ತಿನಲ್ಲಿ ಬೆಳಕು ಚುಚ್ಚುವುದು, ಕಣ್ಣು ಮಂಜಾಗುವುದು ಆರಾ ಅಲ್ಲ. ಆರಾ ಸಾಮಾನ್ಯವಾಗಿ ನೋವಿಗೆ ಮೊದಲೇ ಬರುತ್ತದೆ, ಐದು ನಿಮಿಷವಾದರೂ ತೆಗೆದುಕೊಂಡು ನಿಧಾನವಾಗಿ ಹರಡುತ್ತದೆ, ಒಂದು ಗಂಟೆಯೊಳಗೆ ಹೋಗುತ್ತದೆ. ಕೆಲವರಿಗೆ ಬೆರಳಿನಿಂದ ಜುಮುಜುಮು ಶುರುವಾಗಿ ಕೈಗುಂಟ ತುಟಿಯವರೆಗೆ ಏರುತ್ತದೆ. ಹರಡದೆ, ಒಮ್ಮೆಲೇ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಅದನ್ನು ಮೈಗ್ರೇನ್ ಎಂದು ಮಲಗಬೇಡಿ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಅವಧಿ ನಾಲ್ಕೂವರೆ ಗಂಟೆ.

ಸ್ಟ್ರಿಪ್ ಮಧ್ಯದಲ್ಲಿ ನಿಲ್ಲಿಸಿದರೆ ಎರಡು-ಮೂರು ದಿನದಲ್ಲಿ ರಕ್ತಸ್ರಾವ ಆಗಬಹುದು, ತಲೆನೋವೂ ಒಮ್ಮೆ ಬರಬಹುದು. ಹೆದರಬೇಡಿ, ಅದಕ್ಕಾಗಿ ಮಾತ್ರೆ ಮತ್ತೆ ಶುರು ಮಾಡಲೂಬೇಡಿ. ಇವತ್ತಿನಿಂದಲೇ ಕಾಂಡೋಮ್ ಬಳಸಿ. ಹೊಸ ಸ್ಟ್ರಿಪ್‌ನ ಮೊದಲ ವಾರದಲ್ಲೇ ಇದ್ದು, ಕಳೆದ ಮೂರು ದಿನದಲ್ಲಿ ಸಂಪರ್ಕವಾಗಿದ್ದರೆ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್‌ನ ತುರ್ತು ಮಾತ್ರೆ ತೆಗೆದುಕೊಳ್ಳಬಹುದು. ಅದರಲ್ಲಿ ಈಸ್ಟ್ರೋಜೆನ್ ಇಲ್ಲ.

ಮುಂದೇನು? ನಿಮ್ಮ ಸ್ಥಿತಿಗೆ ನಾನು ಮೊದಲು ಹೇಳುವುದು ಲೆವೊನಾರ್ಜೆಸ್ಟ್ರೆಲ್ ಬಿಡುಗಡೆ ಮಾಡುವ ಗರ್ಭಕೋಶದ ಸಾಧನ. ಗರ್ಭ ತಡೆಯುತ್ತದೆ, ಪಿಸಿಒಡಿಯಲ್ಲಿ ಮುಟ್ಟು ತಿಂಗಳುಗಟ್ಟಲೆ ನಿಂತಾಗ ದಪ್ಪಗಾಗುವ ಗರ್ಭಕೋಶದ ಒಳಪದರವನ್ನೂ ಕಾಯುತ್ತದೆ. ಕಾಪರ್ ಟಿ 380ಎ ಹತ್ತು ವರ್ಷ ಬಾಳುತ್ತದೆ, ಹಾರ್ಮೋನೇ ಇಲ್ಲ, ಆದರೆ ಒಳಪದರಕ್ಕೆ ಅದರಿಂದ ರಕ್ಷಣೆ ಇಲ್ಲ. ಆಗ ಕೆಲವು ತಿಂಗಳಿಗೊಮ್ಮೆ ಪ್ರೊಜೆಸ್ಟರಾನ್ ಕೊಟ್ಟು ಮುಟ್ಟು ತರಿಸಬೇಕಾಗುತ್ತದೆ. ಯಾರಾದರೂ ‘ಛಾಯಾ’ ಎಂಬ ಗರ್ಭನಿರೋಧಕ ಮಾತ್ರೆಯಲ್ಲಿ ಹಾರ್ಮೋನ್ ಇಲ್ಲ, ಅದನ್ನು ತೆಗೆದುಕೊ ಎಂದರೆ ಒಪ್ಪಬೇಡಿ, ಪಿಸಿಒಡಿ ಇರುವವರಿಗೆ ಅದು ಸಲ್ಲದು.

ಪ್ರಶ್ನೆ: ನನಗೂ ಆರಾ ಇದೆ. 20 ಮೈಕ್ರೊಗ್ರಾಂನ ಕಡಿಮೆ ಡೋಸ್ ಮಾತ್ರೆ ಆಗಬಹುದಲ್ಲ? (ಪುಣೆ)

ಉತ್ತರ: ಆಗದು. ಆ ನಿಷೇಧ ಡೋಸ್ ನೋಡಿ ಹಾಕಿದ್ದಲ್ಲ.

ಪ್ರಶ್ನೆ: ರಕ್ತ ತೆಳುವಾಗಿಸುವ ಕಷಾಯ ಕೊಡುತ್ತೇನೆ, ಮಾತ್ರೆ ಮುಂದುವರಿಸಿ ಎಂದು ಒಬ್ಬರು ಹೇಳಿದ್ದಾರೆ. (ಠಾಣೆ)

ಉತ್ತರ: ಕಷಾಯ ಚೆಲ್ಲಿ, ಮಾತ್ರೆ ಬಿಡಿ, ಅವರ ಬಳಿ ಮತ್ತೆ ಹೋಗಬೇಡಿ.

ಪ್ರಶ್ನೆ: ಮೈಗ್ರೇನ್ ಇದೆ, ಆರಾ ಇಲ್ಲ. 26 ವರ್ಷ. (ಮಡಗಾಂವ್)

ಉತ್ತರ: ಬಿಪಿ ಸರಿಯಿದ್ದು, ಸಿಗರೇಟು ಇಲ್ಲದಿದ್ದರೆ ವೈದ್ಯರು ಕೊಡಬಹುದು. 35 ತುಂಬುವ ಮೊದಲು ಬೇರೆ ವಿಧಾನಕ್ಕೆ ಬದಲಿಸಿ.

ಪ್ರಶ್ನೆ: ಆರಾ ಇದೆ. ಗಣಪತಿ ಹಬ್ಬಕ್ಕೆ ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಳ್ಳಲೇ? (ಮುಲುಂಡ್)

ಉತ್ತರ: ಮೆಡಿಕಲ್‌ನವರು ಚೀಟಿಯಿಲ್ಲದೆ ಕೊಡುವುದು ನೊರೆಥಿಸ್ಟರಾನ್, 5 ಮಿಲಿಗ್ರಾಂ ದಿನಕ್ಕೆ ಮೂರು ಸಲ. ಅಷ್ಟು ಡೋಸ್‌ನಲ್ಲಿ ಅದರ ಒಂದು ಪಾಲು ದೇಹದೊಳಗೆ ಎಥಿನೈಲ್ ಎಸ್ಟ್ರಾಡಿಯೋಲ್ ಆಗುತ್ತದೆ. ನಿಮಗೆ ಅದು ಬೇಡ. ಮುಟ್ಟು ಮುಂದೂಡಲೇಬೇಕಿದ್ದರೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ಆಗುತ್ತದೆಯೇ ಎಂದು ಸ್ತ್ರೀರೋಗ ತಜ್ಞರನ್ನೇ ಕೇಳಿ, ಆರಾ ಇರುವುದನ್ನು ಮೊದಲ ಮಾತಿಗೇ ಹೇಳಿ.