ವಾಕ್ಯದಲ್ಲಿ ಬರೆದ ಹಾಜರಿಯನ್ನು ಪಟ್ಟಿ ಮಾಡುವುದು

ಪ್ರಶ್ನೆ: "ರಮ್ಯಾ, ಕಿರಣ್ ಬಂದಿಲ್ಲ. ಸಲೀಂ ಹತ್ತು ನಿಮಿಷ ತಡ. ಉಳಿದವರೆಲ್ಲ ಇದ್ದಾರೆ." ದಿನಾ ಹೀಗೆ ಟೈಪ್ ಮಾಡಿಡ್ತೀನಿ. ಇದನ್ನು ಹಾಜರ್, ಗೈರು, ತಡ ಅಂತ ಟೇಬಲ್ ಮಾಡೋದು ಹೇಗೆ?

ಉತ್ತರ: ವಾಕ್ಯದಿಂದ ಶುರು ಮಾಡಬೇಡಿ, ತರಗತಿಯ ಪೂರ್ತಿ ಹೆಸರುಪಟ್ಟಿಯಿಂದ ಶುರು ಮಾಡಿ. "ಉಳಿದವರೆಲ್ಲ" ಯಾರು ಅನ್ನೋದು ವಾಕ್ಯದಲ್ಲಿ ಇರೋದೇ ಇಲ್ಲ ಅಲ್ವಾ!

ಶೀಟ್‌ನಲ್ಲಿ A ರೋಲ್ ನಂಬರ್, B ಹೆಸರು, C ಹಾಜರ್, D ಗೈರು, E ತಡ. ವಾಕ್ಯ ಓದುತ್ತಾ D, E ಕಾಲಂಗಳಲ್ಲಿ ಮಾತ್ರ 1 ಹಾಕಿ. C2ನಲ್ಲಿ ಈ ಸೂತ್ರ ಬರೆದು ಕೆಳಗೆ ಎಳೆಯಿರಿ:

```
=IF(D2+E2=0,1,0)
```

ಐದು ಮಕ್ಕಳಿದ್ದರೆ ಹೀಗೆ ಬರುತ್ತದೆ:

| ನಂ. | ಹೆಸರು | ಹಾಜರ್ | ಗೈರು | ತಡ |
|---|---|---|---|---|
| 1 | ಕಿರಣ್ ಎಂ. | 1 | | |
| 2 | ಕಿರಣ್ ಎಸ್. | 0 | 1 | |
| 3 | ಮಂಜುಳಾ | 1 | | |
| 4 | ರಮ್ಯಾ | 0 | 1 | |
| 5 | ಸಲೀಂ | 0 | | 1 |

ಇಲ್ಲಿ ಇಬ್ಬರು ಕಿರಣ್ ಇದ್ದಾರೆ ನೋಡಿ. ಬಾರದವನು ಯಾರು ಅಂತ ನಿಮ್ಮ ವಾಕ್ಯ ಹೇಳುವುದಿಲ್ಲ. ನಾನು ಸುಮ್ನೆ ಎಸ್. ಅಂದುಕೊಂಡೆ. ಅದಕ್ಕೇ ಇನ್ನು ಮುಂದೆ "2, 4 ಬಂದಿಲ್ಲ" ಅಂತ ನಂಬರ್ ಬರೆಯಿರಿ.

ಮೂರೂ ಕಾಲಂ ಕೂಡಿಸಿದರೆ ತರಗತಿಯ ಸಂಖ್ಯೆ ಬರಬೇಕು. ಜಾಸ್ತಿ ಬಂದರೆ ಒಬ್ಬರೇ ಗೈರು, ತಡ ಎರಡರಲ್ಲೂ ಸೇರಿದ್ದಾರೆ. ಆದರೆ ಯಾರನ್ನಾದರೂ ಗುರುತಿಸಲು ಮರೆತರೆ ಮೊತ್ತ ಸರಿಯಾಗೇ ಕಾಣುತ್ತದೆ, ಆ ಮಗು ಹಾಜರ್ ಆಗಿಬಿಡುತ್ತದೆ. ಆದ್ದರಿಂದ ಗೈರಾದವರನ್ನು ವಾಕ್ಯದ ಜೊತೆ ಒಮ್ಮೆ ಎಣಿಸಿ ನೋಡಿ.

"ಬಂದಿ" ಅಂತ ಹುಡುಕಿ ತಾನಾಗೇ ತುಂಬಿಸಲು ಹೋಗಬೇಡಿ. "ಬಂದಿದ್ದಾನೆ", "ಬಂದಿಲ್ಲ" ಎರಡೂ ಸಿಗುತ್ತವೆ. ತಿಂಗಳ ಹಾಜರಿ ಲೆಕ್ಕಕ್ಕೆ C, E ಎರಡನ್ನೂ ಕೂಡಿಸಿ. ತಡವಾಗಿ ಬಂದವರೂ ಬಂದವರೇ.